ಫೆಬ್ರವರಿಯ ವೃತ್ತಿ ತೆರಿಗೆ

"ಬೆಂಗಳೂರಿನಲ್ಲಿ ಕೆಲಸ. ಕೈಗೆ ಬರುವುದು 24,500 ರೂಪಾಯಿ. ಆದರೂ ವೃತ್ತಿ ತೆರಿಗೆ 200 ಹಿಡಿಯುತ್ತಾರೆ, ಫೆಬ್ರವರಿಯಲ್ಲಿ 300 ಹಿಡಿದಿದ್ದಾರೆ. ಏಕೆ?"

ಕರ್ನಾಟಕದಲ್ಲಿ ಈ ತೆರಿಗೆಗೆ ಲೆಕ್ಕ ಹಿಡಿಯುವುದು ಕೈಗೆ ಬರುವ ಹಣವನ್ನಲ್ಲ, ಕಡಿತಗಳಿಗೆ ಮುಂಚಿನ ಒಟ್ಟು ವೇತನವನ್ನು. ಪೇಸ್ಲಿಪ್‌ನ ಎಡಬದಿಯ ಮೊತ್ತವನ್ನು ನೋಡಿ: ಅದು 26,500 ಇದ್ದು, ಭವಿಷ್ಯನಿಧಿಗೆ 1,800, ವೃತ್ತಿ ತೆರಿಗೆಗೆ 200 ಹೋದರೆ ಉಳಿಯುವುದು ನಿಮ್ಮ 24,500. ಒಟ್ಟು ವೇತನ 25,000 ಮುಟ್ಟಿದರೆ ಸಾಕು, ತೆರಿಗೆ ಪೂರ್ತಿ ಬೀಳುತ್ತದೆ; ಆದಾಯ ತೆರಿಗೆಯಂತೆ ಮಿತಿ ಮೀರಿದ ಭಾಗಕ್ಕಷ್ಟೇ ಅಲ್ಲ, ಲಕ್ಷ ರೂಪಾಯಿ ಸಂಬಳದವರಿಗೂ ಇಷ್ಟೇ.

ಸಂವಿಧಾನದ 276ನೇ ವಿಧಿ ಈ ತೆರಿಗೆಗೆ ವರ್ಷಕ್ಕೆ 2,500 ರೂಪಾಯಿಯ ಮಿತಿ ಹಾಕಿದೆ. ಹನ್ನೆರಡು ತಿಂಗಳು 200ರಂತೆ 2,400 ಆಗುತ್ತಿತ್ತು. 2025ರ ತಿದ್ದುಪಡಿಯು ಉಳಿದ ನೂರನ್ನು ಫೆಬ್ರವರಿಗೆ ಸೇರಿಸಿತು. ಸಂಬಳದಿಂದ ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಉದ್ಯೋಗದಾತರದ್ದಾದ್ದರಿಂದ ಅದು ಪೇಸ್ಲಿಪ್‌ನಲ್ಲಿ ಕಾಣಿಸುತ್ತದೆ. ಮಾರ್ಚ್‌ನಲ್ಲಿಯೂ 300 ಹಿಡಿದಿದ್ದರೆ ಮಾತ್ರ ಸಂಬಳ ವಿಭಾಗವನ್ನು ವಿಚಾರಿಸಿ.