ದೊಡ್ಡ ಲೋಗೋ ಕೇಳಿದರೆ ಡಿಸೈನರ್ ಯಾಕೆ ಒಪ್ಪಲ್ಲ?

"ನನ್ನ ಬೇಕರಿಗೆ 10 ಅಡಿ ಅಗಲ, 3 ಅಡಿ ಎತ್ತರದ ಫ್ಲೆಕ್ಸ್ ಬೋರ್ಡು. ಡಿಸೈನರ್ ಮೂರು ಸ್ಯಾಂಪಲ್ ಕೊಟ್ಟು, ಮಧ್ಯಮ ಗಾತ್ರದ ಲೋಗೋ ಇರೋದನ್ನೇ ಮೊದಲ ಸ್ಥಾನದಲ್ಲಿ ಇಟ್ಟಿದ್ದಾರೆ. ನನಗೆ ಎಲ್ಲಕ್ಕಿಂತ ದೊಡ್ಡದೇ ಬೇಕು. ಚದರ ಅಡಿ ಲೆಕ್ಕದಲ್ಲಿ ದುಡ್ಡು ಕೊಡೋದು ನಾನು, ಖಾಲಿ ಜಾಗ ಯಾಕೆ ಬಿಡಲಿ?"

ನಾನೂ ಡಿಸೈನರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ಅಂಗಡಿ ಯಜಮಾನರು ಇದೇ ಮಾತು ಹೇಳಿದ್ದರು. ಅವರದ್ದೂ 3 ಅಡಿ ಎತ್ತರದ ಬೋರ್ಡು. ಹೆಸರಿನಲ್ಲಿ 'ಅಕ್ಕ' ಅಂತ ಇತ್ತು. ಎದುರು ಮಾತಾಡೋಕೆ ಹೆದರಿ, 36 ಇಂಚಿನಲ್ಲಿ 34 ಇಂಚು ಲೋಗೋ ತುಂಬಿಸಿಬಿಟ್ಟೆ.

ತಪ್ಪಾಗಿದ್ದು ಅಲ್ಲೇ. ಫ್ಲೆಕ್ಸನ್ನು ಫ್ರೇಮಿಗೆ ಸುತ್ತಿ ಹಿಂದೆ ಬಿಗಿಯಬೇಕು. ಅದಕ್ಕೆ ನಾಲ್ಕೂ ಕಡೆ ಹೆಚ್ಚಿಗೆ ಬಟ್ಟೆ ಬೇಕು. ನಾನು ಸರಿಯಾಗಿ 3 ಅಡಿಗೇ ಫೈಲ್ ಕೊಟ್ಟಿದ್ದೆ, ಒಂದಿಂಚೂ ಜಾಸ್ತಿ ಇರಲಿಲ್ಲ. ಸುತ್ತೋಕೆ ಸಾಲದೆ ಫಿಟ್ಟಿಂಗ್‌ನವರು ಫ್ರೇಮನ್ನೇ ಚಿಕ್ಕದು ಮಾಡಿದರು. ಮೇಲಿನ ಚಿತ್ರ ಉಳಿಸೋಕೆ ಹೋಗಿ ಕೆಳಗಿನ ಅಂಚನ್ನು ಜಾಸ್ತಿ ಮಡಚಿದರು. ಕನ್ನಡದಲ್ಲಿ ಕೆಳಗೆ ಏನಿರುತ್ತೆ? ಒತ್ತಕ್ಷರ! ಕ-ಒತ್ತು ಅರ್ಧಕ್ಕರ್ಧ ಮಡಿಕೆಯೊಳಗೆ ಹೋಯ್ತು. ರಸ್ತೆಯಿಂದ ನೋಡಿದರೆ 'ಅಕ' ಅಂತ ಕಾಣೋದು. ಸುತ್ತಲೂ ನಾಲ್ಕು ಇಂಚು ಖಾಲಿ ಬಿಟ್ಟಿದ್ದರೆ ಮಡಿಕೆ ತಿನ್ನೋದು ಬರೀ ಬಣ್ಣವನ್ನ. ಎರಡನೇ ಬೋರ್ಡಿನ ಖರ್ಚು ನನ್ನ ಕೈಯಿಂದಲೇ ಹೋಯ್ತು, ಅದು ನ್ಯಾಯವೇ.

ಫೈಲ್‌ನಲ್ಲಿ ಹೆಚ್ಚಿಗೆ ಅಂಚು ಕೊಟ್ಟು ಮಡಿಕೆ ಸರಿಮಾಡಿದರೂ ದೊಡ್ಡ ಲೋಗೋ ಒಳ್ಳೇದಲ್ಲ ಅಂತಲೇ ನನ್ನ ವಾದ. ದೊಡ್ಡದಿದ್ದರೆ ದೂರಕ್ಕೆ ಕಾಣುತ್ತೆ ಅಂತ ನೀವು ಅಂದುಕೊಂಡಿದ್ದೀರಿ. ಬೋರ್ಡಿನ ಕೆಲಸದಲ್ಲಿ ಒಂದು ಅಂದಾಜು ಲೆಕ್ಕ ಇದೆ: ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ. ರಸ್ತೆಯ ಆ ಬದಿ 60 ಅಡಿ ಇದ್ದರೆ 6 ಇಂಚು ಸಾಕು. ಮಧ್ಯಮ ಸ್ಯಾಂಪಲ್‌ನಲ್ಲಿ ಅಕ್ಷರ 14 ಇಂಚು ಇದ್ದರೂ ಬೇಕಾದ್ದಕ್ಕಿಂತ ಎರಡು ಪಟ್ಟು ಆಯ್ತು. ಉಳಿದ ಜಾಗದಲ್ಲಿ 'ಕೇಕ್, ಬನ್, ಖಾರಾ' ಅನ್ನೋ ಸಾಲು 6 ಇಂಚಿಗೆ ಕೂರುತ್ತೆ. ದೊಡ್ಡ ಲೋಗೋ ಹಾಕಿದರೆ ಆ ಸಾಲು ಒಂದೂವರೆ ಇಂಚಿಗೆ ಇಳಿಯುತ್ತೆ, ಬಾಗಿಲ ಹತ್ತಿರ ಬಂದವರಿಗೆ ಮಾತ್ರ ಕಾಣುತ್ತೆ. ಬಂದಾಗಿದೆಯಲ್ಲ, ಇನ್ನು ಓದಿ ಏನು ಮಾಡ್ತಾರೆ? ಅಕ್ಕಪಕ್ಕದ ಅಂಗಡಿಗಳ ಬೋರ್ಡು ಅಂಟಿಕೊಂಡೇ ಇರುತ್ತೆ ಅಲ್ವಾ, ಅಂಚಿನವರೆಗೆ ತುಂಬಿಸಿದರೆ ನಿಮ್ಮ ಹೆಸರು ಅವರ ಹೆಸರಿನ ಜೊತೆ ಸೇರಿಕೊಳ್ಳುತ್ತೆ.

ನನ್ನ ಮಾತು ನಂಬಬೇಡಿ. ದೊಡ್ಡದು ಮತ್ತು ಮಧ್ಯಮದ್ದು ಎರಡನ್ನೂ 10 ಇಂಚು ಅಗಲಕ್ಕೆ ಎ4 ಹಾಳೆಯಲ್ಲಿ ಪ್ರಿಂಟ್ ತೆಗೆಸಿ. ಗೋಡೆಗೆ ಅಂಟಿಸಿ ಐದು ಅಡಿ ಹಿಂದೆ ನಿಂತರೆ 60 ಅಡಿ ದೂರದಿಂದ ನಿಜವಾದ ಬೋರ್ಡು ನೋಡಿದ ಹಾಗೇ. ಪಕ್ಕದ ಅಂಗಡಿ ಬೋರ್ಡಿನ ಫೋಟೋವನ್ನೂ ಅದೇ ಅಳತೆಗೆ ತೆಗೆಸಿ ಪಕ್ಕದಲ್ಲೇ ಅಂಟಿಸಿ. ಆಮೇಲೆ ನಿಮ್ಮ ಅಂಗಡಿಯ ಹೆಸರೇ ಗೊತ್ತಿಲ್ಲದ ಯಾರನ್ನಾದರೂ ಕರೆದು ಓದಿಸಿ.