|A − λI| = 0: ಆ ಸೊನ್ನೆ ಎಲ್ಲಿಂದ ಬಂತು?

ಪ್ರಶ್ನೆ: ಐಗನ್‌ವ್ಯಾಲ್ಯೂ ಲೆಕ್ಕ ಬಂದಾಗಲೆಲ್ಲ |A − λI| = 0 ಅಂತ ಬರೆದು ಶುರು ಮಾಡ್ತೀನಿ, ಉತ್ತರನೂ ಬರುತ್ತೆ. ಆದ್ರೆ Av = λv ಅನ್ನೋದ್ರಲ್ಲಿ ಡಿಟರ್ಮಿನೆಂಟೇ ಇಲ್ವಲ್ಲ, ಅದು ಎಲ್ಲಿಂದ ಬಂತು? ಅದನ್ನ ಸೊನ್ನೆಗೇ ಯಾಕೆ ಸಮ ಮಾಡ್ಬೇಕು?

ಉತ್ತರ: ಎಲ್ಲವೂ ನಿಂತಿರುವುದು ಒಂದು ಸಣ್ಣ ಷರತ್ತಿನ ಮೇಲೆ. v ಸೊನ್ನೆ ವೆಕ್ಟರ್ ಆಗಿರಬಾರದು. ಐಗನ್‌ವೆಕ್ಟರ್ ಹೇಳಿಕೊಡುವಾಗ ಈ ಮಾತನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತಾರೆ. ಆದರೆ ಡಿಟರ್ಮಿನೆಂಟ್ ಒಳಗೆ ಬರುವುದೇ ಆ ಬಾಗಿಲಿನಿಂದ.

ಮೊದಲು Av = λv ಅನ್ನು ಒಂದೇ ಕಡೆಗೆ ತನ್ನಿ. Av − λv = 0. ಇಲ್ಲಿ v ಅನ್ನು ಹೊರಗೆ ತೆಗೆಯಬೇಕು, ಆದರೆ (A − λ)v ಅಂತ ಬರೆಯಲು ಆಗುವುದಿಲ್ಲ. A ಒಂದು ಮ್ಯಾಟ್ರಿಕ್ಸ್, λ ಒಂದು ಸಂಖ್ಯೆ, ಒಂದರಿಂದ ಇನ್ನೊಂದನ್ನು ಕಳೆಯುವುದಕ್ಕೆ ಅರ್ಥವೇ ಇಲ್ಲ. ಅದಕ್ಕೇ λv ಅನ್ನು λIv ಅಂತ ಬರೆದುಕೊಳ್ಳುತ್ತೇವೆ. I ಮಾಡುವ ಕೆಲಸ ಅಷ್ಟೇ, λ ಗೆ ಮ್ಯಾಟ್ರಿಕ್ಸ್ ರೂಪ ಕೊಡುವುದು. ಈಗ ಸಿಗುವುದು:

```
(A − λI)v = 0
```

ಇದು ಬಲಗಡೆ ಎಲ್ಲ ಸೊನ್ನೆ ಇರುವ ಸಮೀಕರಣಗಳ ಗುಂಪು. ಇಂಥ ಗುಂಪಿಗೆ ಒಂದು ಉತ್ತರ ಯಾವಾಗಲೂ ಇದ್ದೇ ಇರುತ್ತದೆ, v = 0. λ ಜಾಗದಲ್ಲಿ ಯಾವ ಸಂಖ್ಯೆ ಹಾಕಿದರೂ ಅದು ಸರಿಹೋಗುತ್ತದೆ. ಅದರಿಂದ A ಬಗ್ಗೆ ನಮಗೆ ಏನೂ ತಿಳಿಯುವುದಿಲ್ಲ. ನಮಗೆ ಬೇಕಿರುವುದು ಸೊನ್ನೆಯನ್ನು ಬಿಟ್ಟು ಇನ್ನೊಂದು ಉತ್ತರ. ಹಾಗಾಗಿ ಕೇಳಬೇಕಾದದ್ದು ಇದು: ಯಾವ λ ಗೆ ಇನ್ನೊಂದು ಉತ್ತರ ಹುಟ್ಟುತ್ತದೆ?

ಇದಕ್ಕೆ ಪುಸ್ತಕದ ಉತ್ತರ ಚಿಕ್ಕದು. A − λI ಗೆ ಇನ್ವರ್ಸ್ ಇದ್ದರೆ ಎರಡೂ ಕಡೆ ಅದರಿಂದ ಗುಣಿಸಬಹುದು, ಆಗ v = 0 ಮಾತ್ರ ಉಳಿಯುತ್ತದೆ. ಆದ್ದರಿಂದ ಇನ್ವರ್ಸ್ ಇರಬಾರದು. ಇನ್ವರ್ಸ್ ಇಲ್ಲ ಅಂದರೆ ಡಿಟರ್ಮಿನೆಂಟ್ ಸೊನ್ನೆ. ಮುಗಿಯಿತು. ಇದು ತಪ್ಪಲ್ಲ. ಆದರೆ ಇಷ್ಟಕ್ಕೇ ಬಿಟ್ಟರೆ ನಿಮ್ಮ ಪ್ರಶ್ನೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗುತ್ತದೆ, ಅಷ್ಟೇ. ಇನ್ವರ್ಸ್ ಇದೆಯೋ ಇಲ್ಲವೋ ಅನ್ನುವುದು ಡಿಟರ್ಮಿನೆಂಟ್‌ಗೆ ಹೇಗೆ ಗೊತ್ತು, ಅಲ್ವಾ? ಅದನ್ನು 2×2 ರಲ್ಲಿ ಕೈಯಾರೆ ಮಾಡಿ ನೋಡಿದರೆ ಒಳ್ಳೆಯದು.

ಎರಡು ಸಮೀಕರಣ ತೆಗೆದುಕೊಳ್ಳಿ:

```
ax + by = 0
cx + dy = 0
```

y ಅನ್ನು ತೆಗೆದುಹಾಕೋಣ. ಮೊದಲನೆಯದನ್ನು d ಯಿಂದ, ಎರಡನೆಯದನ್ನು b ಯಿಂದ ಗುಣಿಸಿ ಕಳೆಯಿರಿ. ಉಳಿಯುವುದು (ad − bc)x = 0. ಹಾಗೆಯೇ x ಅನ್ನು ತೆಗೆದರೆ (ad − bc)y = 0. ಡಿಟರ್ಮಿನೆಂಟ್ ತಾನಾಗಿಯೇ ಬಂತು ನೋಡಿ, ನಾವು ಅದನ್ನು ಕರೆಯಲೇ ಇಲ್ಲ. ಶಾಲೆಯಲ್ಲಿ ಕಲಿತ ಎಲಿಮಿನೇಷನ್ ಮಾಡಿದೆವು, ಅದರ ಕೊನೆಯಲ್ಲಿ ಉಳಿದ ಗುಣಾಂಕವೇ ad − bc.

ಈಗ ಎರಡು ದಾರಿ. ad − bc ಸೊನ್ನೆ ಅಲ್ಲದಿದ್ದರೆ, ಅದರಿಂದ ಭಾಗಿಸಿ x = 0, y = 0 ಅಂತ ಹೇಳಬೇಕಾಗುತ್ತದೆ. ಬೇರೆ ಉತ್ತರಕ್ಕೆ ಜಾಗವೇ ಇಲ್ಲ. ad − bc ಸೊನ್ನೆ ಆದರೆ ಭಾಗಿಸುವ ಹಾಗಿಲ್ಲ, x ಗೆ ಬಿಡುಗಡೆ ಸಿಕ್ಕಿತು. ಆಗ ಸೊನ್ನೆಯಲ್ಲದ ಉತ್ತರ ನಿಜವಾಗಿಯೂ ಇದೆಯೇ? ಇದೆ. x = b, y = −a ಹಾಕಿ. ಮೊದಲನೆಯದು ab − ba, ಸೊನ್ನೆ. ಎರಡನೆಯದು cb − da, ಅದೂ ಸೊನ್ನೆ, ಯಾಕೆಂದರೆ ad − bc ಸೊನ್ನೆ ಅಂತಲೇ ಹೊರಟಿದ್ದೇವೆ. a, b ಎರಡೂ ಸೊನ್ನೆಯಾಗಿದ್ದರೆ ಮೊದಲ ಸಾಲೇ ಖಾಲಿ, ಆಗ x = d, y = −c ಹಾಕಿದರೆ ಆಯಿತು. ನಾಲ್ಕೂ ಸೊನ್ನೆಯಾದರೆ ಯಾವ ವೆಕ್ಟರ್ ಹಾಕಿದರೂ ನಡೆಯುತ್ತದೆ. ಈ ಎರಡನೆಯ ಭಾಗವನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಅದು ಇಲ್ಲದಿದ್ದರೆ "ಡಿಟರ್ಮಿನೆಂಟ್ ಸೊನ್ನೆ ಆದರೆ ಉತ್ತರ ಇರಬಹುದು" ಅಂತ ಮಾತ್ರ ಹೇಳಬಹುದಿತ್ತು, ಇದ್ದೇ ಇರುತ್ತದೆ ಅಂತ ಹೇಳಲು ಆಗುತ್ತಿರಲಿಲ್ಲ.

ಒಂದು ನಿಜವಾದ ಮ್ಯಾಟ್ರಿಕ್ಸ್ ಮೇಲೆ ಇದನ್ನು ನೋಡೋಣ.

```
A = [ 4  1 ]
    [ 2  3 ]
```

ಸುಮ್ನೆ λ = 3 ಅಂತ ಊಹಿಸಿ. ಕರ್ಣದಿಂದ 3 ಕಳೆದರೆ ಸಾಲುಗಳು (1, 1) ಮತ್ತು (2, 0). ಸಮೀಕರಣಗಳು x + y = 0, 2x = 0. ಎರಡನೆಯದು x ಅನ್ನು ಸೊನ್ನೆ ಮಾಡುತ್ತದೆ, ಮೊದಲನೆಯದು y ಅನ್ನೂ ಸೊನ್ನೆ ಮಾಡುತ್ತದೆ. ಡಿಟರ್ಮಿನೆಂಟ್ −2. ಎರಡು ಸಮೀಕರಣಗಳೂ ಬೇರೆ ಬೇರೆ ಮಾತು ಹೇಳುತ್ತಿವೆ, ಇಬ್ಬರಿಗೂ ಒಪ್ಪಿಗೆಯಾಗುವುದು ಸೊನ್ನೆ ಮಾತ್ರ. ಅಂದರೆ 3 ಐಗನ್‌ವ್ಯಾಲ್ಯೂ ಅಲ್ಲ.

ಈಗ λ = 5. ಸಾಲುಗಳು (−1, 1) ಮತ್ತು (2, −2). ಎರಡನೆಯ ಸಾಲು ಮೊದಲನೆಯದರ −2 ಪಟ್ಟು. ಎರಡು ಸಮೀಕರಣ ಇರುವ ಹಾಗೆ ಕಾಣುತ್ತದೆ, ಆದರೆ ಇರುವುದು ಒಂದೇ: y = x. ಆ ಗೆರೆಯ ಮೇಲಿರುವ ಎಲ್ಲವೂ ಉತ್ತರವೇ. v = (1, 1) ತೆಗೆದುಕೊಂಡು A ಯಿಂದ ಗುಣಿಸಿ, (5, 5) ಬರುತ್ತದೆ. ಸರಿಯಾಗಿ 5 ಪಟ್ಟು.

ಹೀಗೆ ಒಂದೊಂದೇ ಸಂಖ್ಯೆ ಹಾಕಿ ನೋಡುತ್ತಾ ಕೂರಲು ಆಗುವುದಿಲ್ಲ. ಅದಕ್ಕೆ λ ಅನ್ನು ಹಾಗೇ ಬಿಟ್ಟು ಡಿಟರ್ಮಿನೆಂಟ್ ತೆಗೆಯುತ್ತೇವೆ:

```
(4 − λ)(3 − λ) − 2 = λ² − 7λ + 10 = (λ − 2)(λ − 5)
```

ಇದನ್ನು ಸೊನ್ನೆಗೆ ಸಮ ಮಾಡಿದರೆ ಅದೇ ಕ್ಯಾರೆಕ್ಟರಿಸ್ಟಿಕ್ ಸಮೀಕರಣ. "ಯಾವ λ ಗೆ ಎರಡು ಸಾಲುಗಳು ಒಂದೇ ಮಾತು ಹೇಳುತ್ತವೆ?" ಅನ್ನುವುದನ್ನು ಎಲ್ಲ λ ಗೂ ಒಟ್ಟಿಗೇ ಕೇಳಿದ ಹಾಗೆ. 3 ಹಾಕಿದರೆ −2 ಬರುತ್ತದೆ, ಮೇಲೆ ಬಂದದ್ದೇ. ಸೊನ್ನೆ ಆಗುವುದು 2 ಮತ್ತು 5 ರಲ್ಲಿ ಮಾತ್ರ. λ = 2 ಆದಾಗ ಎರಡೂ ಸಾಲು (2, 1), ಹಾಗಾಗಿ v = (1, −2). ಗುಣಿಸಿ ನೋಡಿ, (2, −4).

ಇನ್ನು 3×3, 10×10 ಆದರೆ? ಅಲ್ಲೂ ಎಲಿಮಿನೇಷನ್ನೇ. ಸಾಲುಗಳನ್ನು ಕಳೆಯುತ್ತಾ ಹೋಗಿ ಕರ್ಣದ ಕೆಳಗೆ ಎಲ್ಲ ಸೊನ್ನೆ ಮಾಡಿಕೊಳ್ಳಿ. ಒಂದು ಸಾಲಿನಿಂದ ಇನ್ನೊಂದರ ಪಟ್ಟು ಕಳೆದರೆ ಡಿಟರ್ಮಿನೆಂಟ್ ಬದಲಾಗುವುದಿಲ್ಲ, ಸಾಲು ಅದಲುಬದಲು ಮಾಡಿದರೆ ಚಿಹ್ನೆ ಮಾತ್ರ ಬದಲಾಗುತ್ತದೆ. ಕೊನೆಗೆ ಡಿಟರ್ಮಿನೆಂಟ್ ಅಂದರೆ ಕರ್ಣದ ಸಂಖ್ಯೆಗಳ ಗುಣಲಬ್ಧ, ಬೇಕಾದರೆ ಒಂದು ಮೈನಸ್. ಕರ್ಣದಲ್ಲಿ ಎಲ್ಲೂ ಸೊನ್ನೆ ಇಲ್ಲದಿದ್ದರೆ ಕೊನೆಯ ಸಮೀಕರಣ ಕೊನೆಯ ಅಜ್ಞಾತವನ್ನು ಸೊನ್ನೆ ಮಾಡುತ್ತದೆ, ಅದರ ಮೇಲಿನದು ಅದರ ಹಿಂದಿನದನ್ನು, ಹೀಗೆ ಮೇಲಕ್ಕೆ ಹತ್ತುತ್ತಾ ಎಲ್ಲವೂ ಸೊನ್ನೆ. ಕರ್ಣದಲ್ಲಿ ಸೊನ್ನೆ ಇದ್ದರೆ, ಮೇಲಿನಿಂದ ಮೊದಲು ಸಿಗುವ ಸೊನ್ನೆಯ ಜಾಗದ ಅಜ್ಞಾತಕ್ಕೆ 1 ಕೊಡಿ, ಅದರ ನಂತರದವಕ್ಕೆಲ್ಲ ಸೊನ್ನೆ ಕೊಡಿ. ಅದಕ್ಕಿಂತ ಮುಂಚಿನವುಗಳ ಬೆಲೆ ಮೇಲಿನ ಸಮೀಕರಣಗಳಿಂದ ಸಿಕ್ಕೇ ಸಿಗುತ್ತದೆ. ಸೊನ್ನೆಯಲ್ಲದ v ತಯಾರು. ನನಗೆ ವೈಯಕ್ತಿಕವಾಗಿ ಈ ವಾದ ಇನ್ವರ್ಸ್ ವಾದಕ್ಕಿಂತ ಜಾಸ್ತಿ ಇಷ್ಟ, ಯಾಕೆಂದರೆ ಇದು v ಅನ್ನು ಕೈಗೇ ಕೊಡುತ್ತದೆ.

ಇದರಿಂದ ಲೆಕ್ಕದಲ್ಲಿ ಒಂದು ನೇರ ಉಪಯೋಗ ಇದೆ. λ ಸಿಕ್ಕಿದ ಮೇಲೆ v ಹುಡುಕುವಾಗ x = 0, y = 0 ಮಾತ್ರ ಬಂತು ಅಂದರೆ "ಈ λ ಗೆ ಐಗನ್‌ವೆಕ್ಟರ್ ಇಲ್ಲ" ಅಂತ ಬರೆಯಬೇಡಿ. ಹಾಗೆ ಆಗಲು ಸಾಧ್ಯವೇ ಇಲ್ಲ. ಒಂದೋ λ ತಪ್ಪು, ಇಲ್ಲವೇ ಕಳೆಯುವಾಗ ತಪ್ಪಿದೆ. λ ಅನ್ನು ಕರ್ಣದಿಂದ ಮಾತ್ರ ಕಳೆಯಬೇಕು. ಎಲ್ಲ ಜಾಗದಿಂದಲೂ ಕಳೆಯುವವರನ್ನು ನಾನು ನೋಡಿದ್ದೇನೆ. ಸಾಲುಗಳು ಒಂದರ ಪಟ್ಟು ಇನ್ನೊಂದು ಆಗಿ ಬಂದರೆ ದಾರಿ ಸರಿ ಇದೆ ಅಂತ.

ಇನ್ನೊಂದು ತಪ್ಪು ಸ್ವಲ್ಪ ಜಾಣತನದ್ದು. A ಅನ್ನೇ ಮೊದಲು ಸಾಲು ಕಳೆದು ಸುಲಭ ಮಾಡಿಕೊಂಡು, ಆಮೇಲೆ λ ಹಾಕೋಣ ಅನ್ನುವುದು. ನಮ್ಮ A ಯ ಎರಡನೆಯ ಸಾಲಿನಿಂದ ಮೊದಲನೆಯದರ ಅರ್ಧ ಕಳೆದರೆ ಸಾಲುಗಳು (4, 1), (0, 2.5). ಇದರ ಐಗನ್‌ವ್ಯಾಲ್ಯೂ 4 ಮತ್ತು 2.5. ಇವು A ಯವಲ್ಲ. ಸಾಲು ಕಳೆಯುವುದು ತಪ್ಪಲ್ಲ, ಆದರೆ ಅದನ್ನು A − λI ಮೇಲೆ ಮಾಡಬೇಕು. A ಮೇಲೆ ಮಾತ್ರ ಮಾಡಿದರೆ ಜೊತೆಗಿದ್ದ λI ಬದಲಾಗದೆ ಉಳಿದುಬಿಡುತ್ತದೆ, ಅಲ್ಲಿಗೆ ಸಮೀಕರಣವೇ ಬೇರೆಯಾಯಿತು. ಗುಣಲಬ್ಧ ನೋಡಿದರೆ ಈ ತಪ್ಪು ಸಿಕ್ಕಿಬೀಳುವುದಿಲ್ಲ, 4 × 2.5 ಕೂಡ 10 ಆಗುತ್ತದೆ. ಮೊತ್ತ ನೋಡಿ. ಐಗನ್‌ವ್ಯಾಲ್ಯೂಗಳ ಮೊತ್ತ A ಯ ಕರ್ಣದ ಮೊತ್ತಕ್ಕೆ ಸಮ ಇರಬೇಕು. ಇಲ್ಲಿ ಬೇಕಿರುವುದು 7, ಬಂದದ್ದು 6.5.

ಕೆಲವು ಕಡೆ |λI − A| ಅಂತ ಇರುತ್ತದೆ, ಗಾಬರಿ ಬೇಡ. ಮ್ಯಾಟ್ರಿಕ್ಸಿನ ಅಳತೆ ಬೆಸ ಸಂಖ್ಯೆ ಆದಾಗ ಚಿಹ್ನೆ ತಿರುಗುತ್ತದೆ, ಸೊನ್ನೆ ಆಗುವ ಜಾಗ ಬದಲಾಗುವುದಿಲ್ಲ.

ಈ ಸಮೀಕರಣ ಕೈಲೆಕ್ಕಕ್ಕೂ ಸಿದ್ಧಾಂತಕ್ಕೂ ಚೆನ್ನ, ದೊಡ್ಡ ಮ್ಯಾಟ್ರಿಕ್ಸಿಗೆ ಅಲ್ಲ. ಪಾಲಿನಾಮಿಯಲ್‌ನ ಗುಣಾಂಕ ಚೂರು ಅಲುಗಿದರೂ ಮೂಲಗಳು ದೂರ ಹಾರಬಹುದು. ಗಣಿತಜ್ಞ ಜೇಮ್ಸ್ ವಿಲ್ಕಿನ್ಸನ್ ಕೊಟ್ಟ ಉದಾಹರಣೆ ಪ್ರಸಿದ್ಧ: 1 ರಿಂದ 20 ರವರೆಗಿನ ಪೂರ್ಣಾಂಕಗಳೇ ಮೂಲಗಳಾಗಿರುವ ಪಾಲಿನಾಮಿಯಲ್‌ನಲ್ಲಿ 19ನೇ ಘಾತದ ಗುಣಾಂಕ −210. ಅದರಿಂದ 2⁻²³, ಅಂದರೆ ಸುಮಾರು 0.00000012 ಕಳೆದರೆ ಸಾಕು, 10 ಮೂಲಗಳು ಕಾಂಪ್ಲೆಕ್ಸ್ ಆಗಿಬಿಡುತ್ತವೆ. ಅದಕ್ಕೇ ಸಾಫ್ಟ್‌ವೇರ್‌ಗಳು ಡಿಟರ್ಮಿನೆಂಟ್ ಬಿಡಿಸುವ ಗೋಜಿಗೆ ಹೋಗದೆ, ಮ್ಯಾಟ್ರಿಕ್ಸ್ ಮೇಲೆಯೇ QR ವಿಧಾನವನ್ನು ಮತ್ತೆ ಮತ್ತೆ ನಡೆಸಿ ಐಗನ್‌ವ್ಯಾಲ್ಯೂ ತೆಗೆಯುತ್ತವೆ. ತಮಾಷೆ ಅಂದರೆ ಪೈಥಾನ್‌ನಲ್ಲಿ ಮೂಲಗಳನ್ನು ಹುಡುಕುವ `numpy.roots` ಗೆ ಒಂದು ಪಾಲಿನಾಮಿಯಲ್ ಕೊಟ್ಟರೆ ಅದು ಉಲ್ಟಾ ಹೋಗುತ್ತದೆ. ಆ ಪಾಲಿನಾಮಿಯಲ್ಲೇ ಕ್ಯಾರೆಕ್ಟರಿಸ್ಟಿಕ್ ಸಮೀಕರಣ ಆಗುವಂಥ ಒಂದು ಮ್ಯಾಟ್ರಿಕ್ಸ್ ಕಟ್ಟಿಕೊಂಡು, ಅದರ ಐಗನ್‌ವ್ಯಾಲ್ಯೂಗಳನ್ನು ಮೂಲಗಳು ಅಂತ ಕೊಡುತ್ತದೆ.