ತೀರ್ಥಹಳ್ಳಿಗೆ ಸಿಒಡಿ ನಿಲ್ಲಿಸಬೇಕೇ?

ಪ್ರಶ್ನೆ: ಶಿವಮೊಗ್ಗದಿಂದ ತೋಟದ ಕೆಲಸಕ್ಕೆ ಬೇಕಾದ ಗಂಬೂಟು ಮತ್ತು ತಲೆಗೆ ಕಟ್ಟುವ ಟಾರ್ಚ್ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಹೆಚ್ಚಿನವು ಸಿಒಡಿ, ಅಂದರೆ ಪಾರ್ಸೆಲ್ ಕೈಗೆ ಬಂದಾಗ ಹಣ ಕೊಡುವ ಆರ್ಡರ್‌ಗಳು. ತೀರ್ಥಹಳ್ಳಿಯ 577432ಕ್ಕೆ ಕಳಿಸಿದ್ದರಲ್ಲಿ ನೂರಕ್ಕೆ 40 ಪಾರ್ಸೆಲ್ ವಾಪಸ್ ಬರುತ್ತಿವೆ. ಶಿವಮೊಗ್ಗದ 577201ರಲ್ಲಿ 20 ಮಾತ್ರ. ತೀರ್ಥಹಳ್ಳಿಗೆ ಸಿಒಡಿ ನಿಲ್ಲಿಸಿಬಿಡಲೇ? ಶೀಟ್ ಮತ್ತು ಖರ್ಚಿನ ವಿವರ ಕಳಿಸಿದ್ದೇನೆ.

ಉತ್ತರ: ಬೇಡ. ನಿಮಗೆ ನಷ್ಟ ತರುತ್ತಿರುವುದು ಗಂಬೂಟು. ಅದು ತೀರ್ಥಹಳ್ಳಿಯಲ್ಲಿ ಎದ್ದು ಕಾಣುತ್ತಿದೆ, ಶಿವಮೊಗ್ಗದಲ್ಲಿ ಟಾರ್ಚಿನ ಲಾಭದ ಹಿಂದೆ ಅಡಗಿ ಕೂತಿದೆ.

ಶೇಕಡಾವಾರು ನೋಡುವ ಮೊದಲು ಒಂದು ಪಾರ್ಸೆಲ್ ವಾಪಸ್ ಬಂದರೆ ಎಷ್ಟು ಹೋಗುತ್ತದೆ ಎಂಬುದನ್ನು ರೂಪಾಯಿಯಲ್ಲಿ ಬರೆದುಕೊಳ್ಳಿ. ನಿಮ್ಮ ಗಂಬೂಟು 650 ರೂಪಾಯಿಗೆ ಮಾರಾಟವಾಗುತ್ತದೆ. ಅಸಲು 340, ಕೊರಿಯರ್ 130, ಪ್ಯಾಕಿಂಗ್ 20, ಸಿಒಡಿ ಶುಲ್ಕ 40, ಜಾಹೀರಾತು 40 ಕಳೆದರೆ ಕೈಗೆ 80 ಉಳಿಯುತ್ತದೆ. ವಾಪಸ್ ಬಂದರೆ ಹೋಗುವಾಗಿನ 130, ಬರುವಾಗಿನ 130, ಹಾಳಾದ ಪ್ಯಾಕಿಂಗ್ 20, ಆ ಆರ್ಡರ್ ತರಲು ಖರ್ಚಾದ ಜಾಹೀರಾತು 40, ಒಟ್ಟು 320 ಹೋಯಿತು. ಜಾಹೀರಾತಿನ ಹಣವನ್ನು ಈ ಲೆಕ್ಕದಿಂದ ಬಿಡುವವರೇ ಹೆಚ್ಚು, ಆದರೆ ಮಾಲು ವಾಪಸ್ ಬಂದಿತೆಂದು ಅದು ತಿರುಗಿ ಬರುವುದಿಲ್ಲ. ಸಿಒಡಿ ಶುಲ್ಕವನ್ನು ವಾಪಸಾದ ಪಾರ್ಸೆಲ್‌ಗೆ ನಿಮ್ಮ ಕೊರಿಯರ್ ಹಾಕುತ್ತಿಲ್ಲ, ಹಾಗಾಗಿ ಸೇರಿಸಿಲ್ಲ.

ಒಂದು ಮಾರಾಟದ ಲಾಭವನ್ನು, ಆ ಲಾಭ ಮತ್ತು ಒಂದು ವಾಪಸಾತಿಯ ನಷ್ಟ ಎರಡರ ಮೊತ್ತದಿಂದ ಭಾಗಿಸಿದರೆ ತಾಳಿಕೊಳ್ಳಬಹುದಾದ ಮಿತಿ ಸಿಗುತ್ತದೆ. ಗಂಬೂಟಿಗೆ ಅದು 80ನ್ನು 400ರಿಂದ ಭಾಗಿಸಿದಷ್ಟು, ಅಂದರೆ ಶೇ 20. ಟಾರ್ಚಿನ ಕಥೆಯೇ ಬೇರೆ: 550ಕ್ಕೆ ಮಾರಿದಾಗ 150 ಉಳಿಯುತ್ತದೆ, ಹಗುರವಾದ್ದರಿಂದ ಕೊರಿಯರ್ ಒಂದು ಕಡೆಗೆ 50 ಮಾತ್ರ, ವಾಪಸಾದರೆ ಹೋಗುವುದೂ 150. ಮಿತಿ ಶೇ 50. ನೂರಕ್ಕೆ 40 ವಾಪಸ್ ಬಂದರೂ ಟಾರ್ಚ್ ಲಾಭದಲ್ಲೇ ಇರುತ್ತದೆ, 25 ಬಂದರೆ ಸಾಕು ಗಂಬೂಟು ಮುಳುಗುತ್ತದೆ.

ಕೊರಿಯರ್ ದರವನ್ನು ಅವರ ದರಪಟ್ಟಿಯಿಂದ ತೆಗೆದುಕೊಳ್ಳಬೇಡಿ, ಬಿಲ್ಲಿನಿಂದ ತೆಗೆದುಕೊಳ್ಳಿ. ಗಂಬೂಟಿನ ತೂಕ ಎರಡು ಕಿಲೋ ಇದ್ದರೂ ಅವರು ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 40×30×14 ಪೆಟ್ಟಿಗೆ ಆ ಲೆಕ್ಕದಲ್ಲಿ 3.36 ಕಿಲೋ ಆಗುತ್ತದೆ, ಬಿಲ್ಲಿನಲ್ಲಿ ಮೂರೂವರೆ.

ಈಗ ಶೀಟ್ ನೋಡೋಣ. 577432ರಲ್ಲಿ ಫಲಿತಾಂಶ ತಿಳಿದ ಪಾರ್ಸೆಲ್ 30. ಅದರಲ್ಲಿ 18 ಗಂಬೂಟು, 9 ವಾಪಸ್. 12 ಟಾರ್ಚ್, 3 ವಾಪಸ್. ಗಂಬೂಟಿನಲ್ಲಿ 720 ಗಳಿಸಿ 2880 ಕಳೆದಿದ್ದೀರಿ, ನಷ್ಟ 2160. ಟಾರ್ಚಿನಲ್ಲಿ 1350 ಬಂದು 450 ಹೋಗಿದೆ, ಲಾಭ 900. ಪಿನ್‌ಕೋಡಿನ ಒಟ್ಟು ನಷ್ಟ 1260.

577201ರಲ್ಲಿ 40 ಗಂಬೂಟಿನಲ್ಲಿ 11, 20 ಟಾರ್ಚಿನಲ್ಲಿ 1 ವಾಪಸ್. ಗಂಬೂಟಿನಲ್ಲಿ 1200 ನಷ್ಟ, ಟಾರ್ಚಿನಲ್ಲಿ 2700 ಲಾಭ. ನೀವು ಒಳ್ಳೆಯದೆಂದುಕೊಂಡ ಪಿನ್‌ಕೋಡಿನಲ್ಲೂ ಗಂಬೂಟು ಶೇ 27.5ರಷ್ಟು ತಿರುಗಿ ಬರುತ್ತಿದೆ.

ಎರಡೂ ಕಡೆ ಸೇರಿ ನಿಮಗೆ ಉಳಿದದ್ದು 240 ರೂಪಾಯಿ. ತೀರ್ಥಹಳ್ಳಿಯನ್ನು ಪೂರ್ತಿ ಮುಚ್ಚಿದ್ದರೆ 1500 ಆಗುತ್ತಿತ್ತು. ಎರಡೂ ಊರಿಗೆ ಗಂಬೂಟಿನ ಸಿಒಡಿ ಮಾತ್ರ ನಿಲ್ಲಿಸಿದ್ದರೆ 3600.

ಪ್ರತಿ ಪಿನ್‌ಕೋಡಿಗೂ, ಪ್ರತಿ ಮಾಲಿಗೂ ಇದನ್ನು ಶೀಟಿನಲ್ಲೇ ಮಾಡಬಹುದು. B ಕಾಲಮ್ ಪಿನ್‌ಕೋಡ್, C ಮಾಲು, D ಸ್ಥಿತಿ ಆಗಿದ್ದರೆ:

```
=COUNTIFS(B:B,577432,C:C,"BOOT",D:D,"Delivered")*80
-COUNTIFS(B:B,577432,C:C,"BOOT",D:D,"RTO*")*320
```

ನಕ್ಷತ್ರ ಚಿಹ್ನೆ ಮರೆಯಬೇಡಿ. ಕಳಿಸಿದವರಿಗೇ ವಾಪಸಾಗುವುದನ್ನು ಕೊರಿಯರ್‌ನವರು RTO ಎನ್ನುತ್ತಾರೆ. ಸ್ಥಿತಿ RTO Initiated, RTO In Transit, RTO Delivered ಎಂದು ಬೇರೆ ಬೇರೆ ಇರುತ್ತದೆ, ಅದು ಎಲ್ಲವನ್ನೂ ಹಿಡಿಯುತ್ತದೆ. ಇನ್ನೂ ದಾರಿಯಲ್ಲಿರುವ ಪಾರ್ಸೆಲ್‌ಗಳನ್ನು ಲೆಕ್ಕದ ಹೊರಗಿಡಿ. ತಲುಪುವ ಪಾರ್ಸೆಲ್ ಬೇಗ ತಲುಪಿ ಮುಗಿಯುತ್ತದೆ, ವಾಪಸಾಗುವುದು ಎರಡು ಮೂರು ಸಲ ಪ್ರಯತ್ನವಾಗಿ ತಡವಾಗಿ ತಿರುಗುತ್ತದೆ. ಹಾಗಾಗಿ ಕಳೆದ ಮೂರು ವಾರಗಳಲ್ಲಿ ಕಳಿಸಿದ್ದರ ಅಂಕಿ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ. ಅದನ್ನು ಸದ್ಯಕ್ಕೆ ನಂಬಬೇಡಿ.

ಹೊಸನಗರದ 577418ಕ್ಕೆ ಐದರಲ್ಲಿ ಎರಡು ವಾಪಸ್ ಬಂದಿದ್ದಕ್ಕೆ ನೀವು ಕೆಂಪು ಬಣ್ಣ ಹಚ್ಚಿದ್ದೀರಿ. ನಿಜವಾದ ದರ ಶೇ 20 ಇದ್ದರೂ ಐದು ಪಾರ್ಸೆಲ್‌ಗಳಲ್ಲಿ ಎರಡೋ ಹೆಚ್ಚೋ ತಿರುಗಿ ಬರುವುದು ಸುಮಾರು ನಾಲ್ಕರಲ್ಲಿ ಒಂದು ಸಲ ಬರೀ ಆಕಸ್ಮಿಕವಾಗಿಯೇ ಆಗುತ್ತದೆ. ಇಂಥ ಸಣ್ಣ ಪಿನ್‌ಕೋಡುಗಳನ್ನು ಒಟ್ಟುಗೂಡಿಸಿ ನೋಡಬೇಕು. ಆದರೆ ಎಲ್ಲರೂ ಹೇಳುವಂತೆ ಮೊದಲ ಮೂರು ಅಂಕಿ ಹಿಡಿದರೆ ನಮ್ಮ ಕಡೆ ಕೆಲಸ ಕೆಡುತ್ತದೆ: 577ರೊಳಗೆ ದಾವಣಗೆರೆಯೂ ಇದೆ, ಚಿಕ್ಕಮಗಳೂರೂ ಇದೆ, ಸಾಗರವೂ ಇದೆ. ಬಯಲುಸೀಮೆಯ ಪೇಟೆಗೂ ಘಟ್ಟದಂಚಿನ ಒಂಟಿಮನೆಗೂ ಡೆಲಿವರಿ ಒಂದೇ ಥರ ಆಗುವುದಿಲ್ಲ. ಟ್ರ್ಯಾಕಿಂಗ್‌ನಲ್ಲಿ ಕೊನೆಗೆ ಕಾಣುವ ಕೊರಿಯರ್ ಶಾಖೆಯ ಹೆಸರಿನ ಮೇಲೆ ಗುಂಪು ಮಾಡಿ. ಹುಡುಗ ಗಾಡಿ ಹತ್ತುವುದು ಅಲ್ಲಿಂದಲೇ.

ಇನ್ನು ಕಾರಣ. ಎರಡೂ ಊರಿನ ಗಂಬೂಟು ಒಂದೇ ಕಾರಣಕ್ಕೆ ವಾಪಸ್ ಬಂದಿಲ್ಲ. ಶಿವಮೊಗ್ಗದಲ್ಲಿ ಬಹುತೇಕ Customer refused, ಅದೂ ಎರಡನೇ ದಿನವೇ. ಆರ್ಡರ್ ಮಾಡಿದವರು ಮನಸ್ಸು ಬದಲಿಸಿದ್ದಾರೆ, ಇಲ್ಲವೇ ಪೇಟೆಯಲ್ಲೇ ಕೊಂಡಿದ್ದಾರೆ. ಇವರಿಂದ 100 ರೂಪಾಯಿ ಮುಂಗಡ ಯುಪಿಐಯಲ್ಲಿ ಪಡೆಯಿರಿ, ಪಾರ್ಸೆಲ್ ಬೇಡವೆಂದರೆ ಅದು ವಾಪಸ್ ಇಲ್ಲವೆಂದು ಆರ್ಡರ್ ಹೊತ್ತಿಗೇ ತಿಳಿಸಿ. ವಾಪಸಾದರೆ ಆಗುವ ನಷ್ಟ 220ಕ್ಕೆ ಇಳಿದು ಮಿತಿ ಶೇ 26ರ ಆಚೆಗೆ ಏರುತ್ತದೆ. ಆರ್ಡರ್ ಒಂದಿಷ್ಟು ಕಡಿಮೆಯಾಗುತ್ತದೆ. ಆದರೆ ಮುಂಗಡ ಎಂದ ಕೂಡಲೇ ಹಿಂದೆ ಸರಿಯುವವರಲ್ಲಿ ಬಾಗಿಲಲ್ಲಿ ಬೇಡ ಎನ್ನುವವರೇ ಹೆಚ್ಚಿರುತ್ತಾರೆ.

ತೀರ್ಥಹಳ್ಳಿಯ 9ರಲ್ಲಿ 7ಕ್ಕೆ Customer unavailable ಎಂದಿದೆ. ನನಗೆ ಅನುಮಾನ ಬಂದದ್ದು ಸಮಯ ನೋಡಿ. ಒಂದೇ ಸಂಜೆ, ಒಂದೇ ನಿಮಿಷದಲ್ಲಿ, ಬೇರೆ ಬೇರೆ ಊರಿನ ನಾಲ್ಕು ಪಾರ್ಸೆಲ್‌ಗಳಿಗೆ ಈ ಷರಾ ಬಿದ್ದಿದೆ. ಆಗುಂಬೆ ರಸ್ತೆಯ ಮನೆಯಲ್ಲೂ ಹೊಳೆಯಾಚೆಯ ಮನೆಯಲ್ಲೂ ಒಬ್ಬನೇ ಹುಡುಗ ಒಂದೇ ನಿಮಿಷದಲ್ಲಿ ನಿಂತಿರಲಾರ. ಮಳೆಯಲ್ಲಿ ಹೊರಡದೆ ಶಾಖೆಯಲ್ಲೇ ಕೂತು ಬಟನ್ ಒತ್ತಿರುವ ಸಾಧ್ಯತೆ ಬಹಳ. ಆ ಏಳೂ ಗ್ರಾಹಕರಿಗೆ ಫೋನ್ ಮಾಡಿ, "ಯಾರಾದರೂ ಬಂದಿದ್ರಾ, ಫೋನ್ ಬಂದಿತ್ತಾ?" ಎಂದಷ್ಟೇ ಕೇಳಿ. ನೆಟ್‌ವರ್ಕ್ ಇಲ್ಲದ ಮನೆಗಳಲ್ಲಿ ಹುಡುಗ ನಿಜವಾಗಿಯೂ ಫೋನ್ ಮಾಡಿ ಸೋತಿರಬಹುದು, ಅದಕ್ಕೇ ಎರಡೂ ಪ್ರಶ್ನೆ ಬೇಕು. ಬಂದೇ ಇಲ್ಲ ಎಂದರೆ ಪಾರ್ಸೆಲ್ ನಂಬರ್ ಮತ್ತು ಷರಾದ ಸಮಯ ಹಾಕಿ ಕೊರಿಯರ್‌ಗೆ ದೂರು ಕೊಡಿ, ವಾಪಸಾತಿಯ 130ನ್ನು ಬಿಲ್ಲಿನಿಂದ ಕಳೆಯಲು ಕೇಳಿ.

ತಪ್ಪು ಶಾಖೆಯದೇ ಎಂದು ಖಚಿತವಾದರೆ ಅಲ್ಲಿಗೆ ಮುಂಗಡದ ನಿಯಮ ಹಾಕಿ ಫಲವಿಲ್ಲ, ಸಾಗಿಸುವವರನ್ನು ಬದಲಿಸಬೇಕು. ಅಂಚೆ ಇಲಾಖೆಯಲ್ಲೂ ಸಿಒಡಿ ಇದೆ. ಒಳಹಳ್ಳಿಗಳ ಮನೆಗಳನ್ನು ಹೆಸರು ಹೇಳಿದರೆ ಗುರುತಿಸುವವರು ಪೋಸ್ಟ್‌ಮ್ಯಾನ್‌ಗಳೇ. ಮುಂದಿನ 20 ಗಂಬೂಟು ಹಾಗೆ ಕಳಿಸಿ, ಅವರ ದರ ಹಾಕಿ ಮಿತಿಯನ್ನು ಹೊಸದಾಗಿ ಲೆಕ್ಕ ಮಾಡಿ. ಆ ಮಿತಿಗಿಂತ ಬಹಳ ಹೆಚ್ಚು ವಾಪಸ್ ಬಂದರೆ ಮಾತ್ರ 577432ಕ್ಕೆ ಗಂಬೂಟಿನ ಸಿಒಡಿ ಮುಚ್ಚಿ. ಟಾರ್ಚ್ ಹೋಗುತ್ತಿರಲಿ.